ಜೂಜಿನ ಚಟ: ಕಾಯಿದೆಯ ನಂತರದ ಕೆಲಸ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆಯ ಮೂಲಕ ನಿಷೇಧಿಸಿತು. ಆದರೆ ಚಟ ಹತ್ತಿದವರ ಮನಸ್ಸಿಗೆ ಕಾಯಿದೆ ತಲಪುವುದಿಲ್ಲ. ಅಲ್ಲಿ ಚಿಕಿತ್ಸೆ ಬೇಕು.

ತಂಬ್ರಹಳ್ಳಿಯಂಥ ಊರಿನ ಯುವಕನೊಬ್ಬ ಬೆಳೆ ಮಾರಿದ ಹಣದಲ್ಲಿ 5,000 ರೂಪಾಯಿ ಸೋತನೆಂದು ಇಟ್ಟುಕೊಳ್ಳೋಣ. ‘ಇನ್ನೊಂದು ಆಟ ಆಡಿದರೆ ಕಳೆದದ್ದು ಬರುತ್ತದೆ’ ಎಂಬ ಯೋಚನೆಯೇ ಅವನನ್ನು ಸಾಲಕ್ಕೆ ಇಳಿಸುತ್ತದೆ. ಸಿ.ಬಿ.ಟಿ. ಎಂಬ ಮಾತಿನ ಚಿಕಿತ್ಸೆ ಹಿಡಿಯುವುದು ಈ ಯೋಚನೆಯನ್ನೇ. ಆಸೆ ಹುಟ್ಟಿದ ಹೊತ್ತು, ಆಗ ಕೈಯಲ್ಲಿದ್ದ ಹಣ, ಮನಸ್ಸಿಗೆ ಬಂದ ಮಾತು ಇವನ್ನು ಅವನು ಬರೆದು ತರಬೇಕು. ಹಿಂದೆ ಹೀಗೆ ನಂಬಿ ಆಡಿದಾಗಲೆಲ್ಲ ಕೊನೆಗೆ ಎಷ್ಟು ಉಳಿಯಿತೆಂದು ಆಪ್ತಸಮಾಲೋಚಕರು ಅವನಿಂದಲೇ ಲೆಕ್ಕ ಹಾಕಿಸುತ್ತಾರೆ. ಹಿಂದಿನ ಸೋಲು ಮುಂದಿನ ಗೆಲುವನ್ನು ತರುವುದಿಲ್ಲವೆಂದು ಆಗ ಅವನಿಗೇ ಕಾಣುತ್ತದೆ. ಜೊತೆಗೆ ಕೆಲವು ಕಾಲ ಹಣದ ವ್ಯವಹಾರ ಮನೆಯವರ ಕೈಯಲ್ಲಿರುತ್ತದೆ.

1957ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಗ್ಯಾಂಬ್ಲರ್ಸ್ ಅನಾನಿಮಸ್ ಮಾದರಿಯ ಕೂಟಗಳಲ್ಲಿ ಇದೇ ಹಾದಿ ನಡೆದವರು ತಮ್ಮ ಕಥೆ ಹೇಳುತ್ತಾರೆ. ಮುಚ್ಚಿಟ್ಟ ಸಾಲ ಅಲ್ಲಿ ಬಾಯಿಗೆ ಬರುತ್ತದೆ.

ಗುಣವಾಗುವುದೆಂದರೆ ಆಸೆ ಸಾಯುವುದಲ್ಲ. ನಡುವೆ ಒಮ್ಮೆ ಜಾರಬಹುದು. ಜಾರಿದ್ದನ್ನು ಮರುದಿನವೇ ಹೇಳಿಕೊಂಡರೆ ಅದು ಚೇತರಿಕೆಯ ಲಕ್ಷಣ, ಮುಚ್ಚಿಟ್ಟರೆ ಅಪಾಯದ ಸೂಚನೆ. ಮನೆಯವರು ಗುಟ್ಟಾಗಿ ಸಾಲ ತೀರಿಸಿಬಿಟ್ಟರೆ ಮತ್ತೆ ಆಡಲು ದಾರಿ ಮಾಡಿಕೊಟ್ಟಂತೆ. ಸಹಾಯಕ್ಕೆ ಮೊದಲ ಹೆಜ್ಜೆಯಾಗಿ ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.