ಮೂಗು ಹಿಡಿದು ಹತ್ತು ನಿಮಿಷ

ಘಾಟ್ಕೋಪರ್ ಪೂರ್ವದಲ್ಲೇ ಪಾಲಿಕೆಯ ರಾಜಾವಾಡಿ ಆಸ್ಪತ್ರೆ ಇರುವಾಗ ಪಿ.ಟಿ. ಸರ್ ವೈದ್ಯ ಕಲಿಯಬೇಕೇ ಎಂದು ಕೇಳುವವರಿದ್ದಾರೆ. ಪಂತನಗರದ ಮೈದಾನದಿಂದ ರಿಕ್ಷಾ ಹಿಡಿದರೆ ಅದು ದೂರವೇನಲ್ಲ, ನಿಜ. ಆದರೆ ಮೂಗಿನ ರಕ್ತ ನಿಲ್ಲಿಸುವ ಕೆಲಸ ರಿಕ್ಷಾ ಹುಡುಕುವಷ್ಟು ಹೊತ್ತಿನಲ್ಲೇ ಮುಗಿಯುವಂಥದ್ದು. ಆ ಹೊತ್ತನ್ನು ನಾವು ಗಾಬರಿಗೆ ಕೊಡುತ್ತೇವೆ.

ಕಬಡ್ಡಿಯಲ್ಲಿ ರೇಡ್ ಹೋದ ಹುಡುಗನ ಮೂಗಿಗೆ ಮೊಣಕೈ ಬಡಿಯಿತು ಎನ್ನಿ. ಸುತ್ತ ನಿಂತವರು ಅವನ ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ, ನೆತ್ತಿಗೆ ನೀರು ಸುರಿಯುತ್ತಾರೆ. ತಲೆ ಹಿಂದಕ್ಕೆ ವಾಲಿದರೆ ರಕ್ತ ನಿಲ್ಲುವುದಿಲ್ಲ, ಕಾಣದಂತೆ ಗಂಟಲಿಗಿಳಿಯುತ್ತದೆ ಅಷ್ಟೆ. ಆಮೇಲೆ ವಾಂತಿಯಾಗಿ ಎಲ್ಲರೂ ಇನ್ನಷ್ಟು ಹೆದರುತ್ತಾರೆ. ಅವನನ್ನು ಕೂರಿಸಿ ಮುಂದಕ್ಕೆ ಬಾಗಿಸಬೇಕು. ಬಾಯಲ್ಲಿ ಉಸಿರಾಡಲಿ, ಬಾಯಿಗೆ ಬಂದ ರಕ್ತವನ್ನು ಉಗುಳಲಿ. ಬಹುಪಾಲು ರಕ್ತ ಬರುವುದು ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಿಂದ. ಆದ್ದರಿಂದ ಒತ್ತಬೇಕಾದದ್ದು ಮೇಲಿನ ಗಟ್ಟಿ ಮೂಳೆಯನ್ನಲ್ಲ, ಅದರ ಕೆಳಗಿನ ಮೆತ್ತನೆಯ ಭಾಗವನ್ನು.

ಹೀಗೆ ಒತ್ತಿ ಹಿಡಿದು ಹತ್ತು ನಿಮಿಷ, ಗಡಿಯಾರ ನೋಡಿಕೊಂಡು. ಸೋಲುವುದು ಇಲ್ಲೇ. ನಿಮಿಷಕ್ಕೊಮ್ಮೆ ಬೆರಳು ಸಡಿಲಿಸಿ ‘ನಿಂತಿತಾ?’ ಎಂದು ಇಣುಕಿದರೆ ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಕಿತ್ತುಹೋಗುತ್ತದೆ, ಎಣಿಕೆ ಮತ್ತೆ ಮೊದಲಿನಿಂದ. ನಿಲ್ಲದಿದ್ದರೆ ಇನ್ನೊಂದು ಹತ್ತು ನಿಮಿಷ. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆ. ಮೂಗು ಸೊಟ್ಟಗಾಗಿದ್ದರೆ, ತಲೆ ಸುತ್ತಿದರೆ, ರಕ್ತದ ಜೊತೆ ತಿಳಿನೀರು ಇಳಿಯುತ್ತಿದ್ದರೆ ಅಷ್ಟೂ ಕಾಯಬಾರದು. ಇನ್ನೊಂದು ಮಾತು: ರಕ್ತ ನಿಂತ ಮೇಲೂ ಮೂಗು ಕಟ್ಟಿ ಒಳಗೆ ಮೆತ್ತಗೆ ಊದಿಕೊಂಡರೆ ನಡುಗೋಡೆಯಲ್ಲಿ ರಕ್ತ ತುಂಬಿರಬಹುದು. ಅದನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕೆಂದು ಮನೆಯವರಿಗೆ ಹೇಳಿ ಕಳಿಸುವುದು ಮಾಸ್ತರರ ಕೆಲಸವೇ.

ಕಾಲು ಉಳುಕಿದಾಗ ತಪ್ಪು ಬೇರೆ ಬಗೆಯದು: ತಕ್ಷಣ ಎಣ್ಣೆ ಹಚ್ಚಿ ನೀವುವುದು. ಒಳಗೆ ಹರಿದ ನಾರು, ಸಣ್ಣ ರಕ್ತನಾಳಗಳು ಸೋರುತ್ತಿರುವಾಗ ನೀವಿದರೆ ಊತ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ, ಕ್ರೇಪ್ ಬ್ಯಾಂಡೇಜ್, ಕಾಲು ಎತ್ತರದಲ್ಲಿ; ಸದ್ಯಕ್ಕೆ ಇಷ್ಟು ಸಾಕು. ಆದರೆ ಹೆಬ್ಬೆರಳಿನಿಂದ ಕಣಕಾಲ ಗಂಟಿನ ಮೂಳೆಯನ್ನೇ ಒತ್ತಿದಾಗ ನೋಯುತ್ತದೆಯೇ, ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ ಎಂದು ನೋಡಲೇಬೇಕು. ಮೂಳೆ ನೋಯುತ್ತಿದ್ದರೆ, ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ತಪ್ಪದು. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯ ಬಿರುಕು ಬರೀ ಉಳುಕಿನಂತೆಯೇ ಕಾಣಬಲ್ಲದು.

ಮೀನಖಂಡ ಹಿಡಿದುಕೊಂಡರೆ ಹೆಚ್ಚೇನಿಲ್ಲ. ಮೊಣಕಾಲು ನೇರ ಮಾಡಿಸಿ, ಪಾದವನ್ನು ಮೊಣಕಾಲಿನತ್ತ ನಿಧಾನವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ, ಜಗ್ಗಬೇಡಿ. ಆದರೆ ಮುಂಬಯಿಯ ಅಕ್ಟೋಬರ್ ಸೆಕೆಯಲ್ಲಿ ಒಂದರ ಹಿಂದೊಂದು ಸ್ನಾಯು ಹಿಡಿದು, ಹುಡುಗನಿಗೆ ತಲೆನೋವು, ವಾಕರಿಕೆಯೂ ಬಂದರೆ ತೊಂದರೆ ಕಾಲಿನದಲ್ಲ, ಬಿಸಿಲಿನದು. ನೆರಳಿಗೆ ಕರೆದೊಯ್ದು, ಒ.ಆರ್.ಎಸ್. ಗುಟುಕು ಗುಟುಕಾಗಿ ಕುಡಿಸಿ, ಅಂದಿನ ಆಟದಿಂದ ಅವನನ್ನು ಹೊರಗಿಡಬೇಕು. ಮಾತು ತೊದಲಿದರೆ, ಗೊಂದಲಗೊಂಡರೆ ಕುಡಿಸುವ ಗೋಜಿಗೆ ಹೋಗದೆ ಮೈಮೇಲೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಬೇಕು.