ಜಾಮೀನು ಬೇರೆ, ಪೆರೋಲ್ ಬೇರೆ

ನಮ್ಮ ಬೇಡಕಿಹಾಳದ ಚಹಾದಂಗಡಿಯಲ್ಲಿ ಮುಂಜಾನೆಯ ವರ್ತಮಾನಪತ್ರವನ್ನು ಒಬ್ಬನು ಓದುತ್ತಾನೆ, ಹತ್ತು ಮಂದಿ ಕೇಳುತ್ತಾರೆ. 2024ರ ಅಕ್ಟೋಬರ್ 30ರಂದು ಚಿತ್ರನಟ ದರ್ಶನ್ ಅವರನ್ನು ಬೆನ್ನುಮೂಳೆಯ ಚಿಕಿತ್ಸೆಗೆಂದು ಹೈಕೋರ್ಟು ಆರು ವಾರ ಹೊರಗೆ ಬಿಟ್ಟ ಸುದ್ದಿ ಬಂದಾಗ ಅಲ್ಲಿ ದೊಡ್ಡ ವಾದವೇ ನಡೆಯಿತು. "ಪೆರೋಲ್ ಮ್ಯಾಲೆ ಬಿಟ್ಟಾರು" ಎಂದು ಒಬ್ಬರು, "ಅಲ್ಲೋ, ಜಾಮೀನ ಆಗೇತಿ" ಎಂದು ಇನ್ನೊಬ್ಬರು. ಕಡೆಗೆ ಹಿರಿಯರೊಬ್ಬರು "ಎರಡೂ ಒಂದ ಬಿಡ್ರಿ, ಮನಶ್ಯಾ ಹೊರಗ ಬಂದರ ಸಾಕು" ಎಂದು ತೀರ್ಪು ಕೊಟ್ಟರು. ಎಲ್ಲರೂ ಒಪ್ಪಿದರು. ನಾನು ಮಾತ್ರ ಒಪ್ಪಲಿಲ್ಲ. ಹಳೆಯ ಮಾಸ್ತರಿಕೆಯ ಚಟ ಎಂದು ಬೇಕಾದರೆ ಅನ್ನಿರಿ.

ಎರಡೂ ಒಂದೇ ಅಲ್ಲ. ಈ ಗೊಂದಲದಿಂದ ಹೆಸರಾದವರಿಗೆ ಏನೂ ನಷ್ಟವಿಲ್ಲ, ಅವರ ಬೆನ್ನಿಗೆ ವಕೀಲರ ಪಡೆಯೇ ಇರುವದು. ನಷ್ಟವಾಗುವದು ಮಗ್ಗದ ಕಾರ್ಮಿಕನಿಗೆ, ಬೀಡಿ ಕಟ್ಟುವ ತಾಯಿಯ ಮಗನಿಗೆ, ಸಂತೆಯಲ್ಲಿ ಗೋಣಿ ಹಾಸಿ ಕೂಡ್ರುವ ಸಣ್ಣ ವ್ಯಾಪಾರಿಗೆ. ಅದು ಹೇಗೆಂಬದನ್ನು ಆಮೇಲೆ ಹೇಳುವೆನು. ಮೊದಲು ಮಾತಿನ ಅರ್ಥ ತಿಳಿಯಾಗಲಿ.

ಜಾಮೀನು ಎಂಬ ಶಬ್ದ ನಮ್ಮ ವ್ಯಾಪಾರಿ ಬಂಧುಗಳಿಗೆ ಹೊಸದಲ್ಲ. ಸೊಸಾಯಿಟಿಯಲ್ಲಿ ಸಾಲ ತೆಗೆಯುವಾಗ "ನಿನಗೆ ಜಾಮೀನ ಯಾರು?" ಎಂದು ಕೇಳುತ್ತಾರಲ್ಲ, ಅದೇ ಶಬ್ದ. ಅರಬ್ಬಿಯಿಂದ ಬಂದ ಆ ಮಾತಿನ ಮೂಲ ಅರ್ಥವೇ ಹೊಣೆ ನಿಲ್ಲುವವನು. ಪೆರೋಲ್ ಫ್ರೆಂಚರ ಶಬ್ದ. ಅದರ ಅರ್ಥ ಮಾತು, ಅಂದರೆ "ತಿರುಗಿ ಬರುವೆನು" ಎಂದು ಸೆರೆಯಾಳು ತಾನೇ ಕೊಟ್ಟ ವಚನ. ಈಗಿನ ಕಾನೂನಿನಲ್ಲಿ ಪೆರೋಲಿಗೂ ಹೊಣೆಗಾರರನ್ನು ಕೇಳುತ್ತಾರೆಂಬದು ನಿಜ. ಆದರೂ ಎರಡಕ್ಕೂ ಬುಡದಲ್ಲಿಯೇ ವ್ಯತ್ಯಾಸವಿದೆ. ಜಾಮೀನು ಕೊಡುವದು ಕೋರ್ಟು (ಸಣ್ಣ ಅಪರಾಧವಾದರೆ ಪೋಲೀಸ್ ಠಾಣೆಯಲ್ಲಿಯೇ ಸಿಗುವದು), ಅದೂ ಖಟ್ಲೆ ಇನ್ನೂ ಮುಗಿಯದಿರುವಾಗ. ಪೆರೋಲ್ ಕೊಡುವದು ತುರಂಗದ ಇಲಾಖೆ, ಅದೂ ಅಪರಾಧ ಸಿದ್ಧವಾಗಿ ಶಿಕ್ಷೆ ಅನುಭವಿಸುತ್ತಿರುವವನಿಗೆ, ಎಣಿಸಿದ ದಿನಗಳ ಮಟ್ಟಿಗೆ. ಜಾಮೀನಿನ ಮೇಲೆ ಬಂದವನು ಕೋರ್ಟಿನ ತಾರೀಖಿಗೆ ಹಾಜರಾಗಬೇಕು. ಪೆರೋಲಿನ ಮೇಲೆ ಬಂದವನು ತುರಂಗದ ಬಾಗಿಲಿಗೇ ತಿರುಗಿ ಹೋಗಬೇಕು.

ಒಬ್ಬರ ಬಾಳಿನಲ್ಲಿಯೇ ಈ ಎರಡೂ ನಡೆದದ್ದನ್ನು ನೋಡಿದರೆ ಸಂಶಯ ಉಳಿಯುವದಿಲ್ಲ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಒಡನಾಡಿ ವಿ. ಕೆ. ಶಶಿಕಲಾ ಅವರ ಸಂಗತಿಯನ್ನು ತೆಗೆದುಕೊಳ್ಳಿರಿ. ಖಟ್ಲೆ ಚೆನ್ನೈಯದಾದರೂ ನಡೆದದ್ದು ಬೆಂಗಳೂರಿನಲ್ಲಿ, ತುರಂಗ ನಮ್ಮ ಪರಪ್ಪನ ಅಗ್ರಹಾರದ್ದು. 2014ರ ಸಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ಕೋರ್ಟು ಅಕ್ರಮ ಆಸ್ತಿಯ ಖಟ್ಲೆಯಲ್ಲಿ ಅವರಿಬ್ಬರಿಗೂ ಇನ್ನಿಬ್ಬರಿಗೂ ನಾಲ್ಕು ವರ್ಷದ ಶಿಕ್ಷೆ ಕೊಟ್ಟಿತು. ಅವರು ಅಪೀಲು ಹೂಡಿದರು. ಅಪೀಲಿನ ತೀರ್ಪಿನ ತನಕ ಜಾಮೀನು ಬೇಕೆಂದು ಕೇಳಿದಾಗ ಕರ್ನಾಟಕ ಹೈಕೋರ್ಟು ಇಲ್ಲವೆಂದಿತು. ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಕೊಟ್ಟಿತು, ಮರುದಿನ ಹೊರಬಂದರು.

ಇಲ್ಲಿ ಜಾಣ ಓದುಗನೊಬ್ಬನು ನನ್ನನ್ನು ತಡೆದು ಕೇಳಬಹುದು: "ಮಾಸ್ತರ, ಶಿಕ್ಷೆ ಆಗಿತ್ತಲ್ಲ, ಮತ್ತ ಇದು ಪೆರೋಲ್ ಆಗಬೇಕಲ್ಲ?" ಆಗುವದಿಲ್ಲ. ಅಪೀಲು ಬಾಕಿ ಇದ್ದುದರಿಂದ ಖಟ್ಲೆ ಇನ್ನೂ ಜೀವಂತವಿತ್ತು. ಕೋರ್ಟು ಶಿಕ್ಷೆಯನ್ನು ತಡೆಹಿಡಿದು ಜಾಮೀನು ಕೊಟ್ಟಿತು. ನಮ್ಮ ಪತ್ರಗಳು ಹೆಚ್ಚಾಗಿ ಎಡವುವದು ಇಲ್ಲಿಯೇ. ಶಿಕ್ಷೆಯಾದವರೆಲ್ಲ ಹೊರಬಂದರೆ ಪೆರೋಲ್ ಎಂಬದು ತಪ್ಪು. ಬಿಟ್ಟವರು ಯಾರು ಎಂದು ಕೇಳಬೇಕು.

ಮುಂದೆ 2015ರ ಮೇ 11ರಂದು ಹೈಕೋರ್ಟು ಅವರನ್ನು ನಿರ್ದೋಷಿಗಳೆಂದಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿ ಮೊದಲಿನ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಜಯಲಲಿತಾ ಅಷ್ಟರಲ್ಲಿ ತೀರಿಕೊಂಡಿದ್ದರು. ಮರುದಿನ ಶಶಿಕಲಾ ತಾವಾಗಿ ಬಂದು ತುರಂಗ ಸೇರಿದರು. ಅದೇ ವರ್ಷ ಅಕ್ಟೋಬರದಲ್ಲಿ ಅವರ ಗಂಡ ನಟರಾಜನ್ ಅಂಗಾಂಗ ಕಸಿಗೆಂದು ಚೆನ್ನೈಯ ಆಸ್ಪತ್ರೆಯಲ್ಲಿ ಮಲಗಿದ್ದರು. ಈಗ ಯಾವ ಕೋರ್ಟಿಗೆ ಹೋಗಿ ಜಾಮೀನು ಕೇಳಬೇಕು? ಕೇಳಲು ಖಟ್ಲೆಯೇ ಉಳಿದಿರಲಿಲ್ಲ. ಆದ್ದರಿಂದ ಅರ್ಜಿ ಹೋದದ್ದು ತುರಂಗದ ಅಧಿಕಾರಿಗಳಿಗೆ. ಕಾಗದಪತ್ರ ಸರಿಯಿಲ್ಲವೆಂದು ಮೊದಲಿನ ಅರ್ಜಿ ತಿರುಗಿ ಬಂತು. ಎರಡನೆಯ ಸಲ ಹದಿನೈದು ದಿನ ಕೇಳಿದ್ದಕ್ಕೆ ಐದು ದಿನ ಸಿಕ್ಕಿತು. ರಾಜಕೀಯ ಮಾಡಕೂಡದು, ಹೇಳಿದ ಮನೆಯಲ್ಲಿಯೇ ಇರತಕ್ಕದ್ದು ಎಂಬ ಕಟ್ಟುಗಳಿದ್ದವು. ಐದು ದಿನ ಮುಗಿಯಿತು, ತಿರುಗಿ ಒಳಗೆ. 2018ರ ಮಾರ್ಚದಲ್ಲಿ ಗಂಡ ತೀರಿಕೊಂಡಾಗ ಮತ್ತೊಮ್ಮೆ ಪೆರೋಲ್ ಮಂಜೂರಾಯಿತು.

ಅದೇ ಹೆಂಗಸು, ಅದೇ ತುರಂಗದ ಅದೇ ಬಾಗಿಲು. 2014ರಲ್ಲಿ ಜಾಮೀನು, 2017ರಲ್ಲಿ ಪೆರೋಲ್.

ಶಿಕ್ಷೆಯ ದಿನಗಳ ಲೆಕ್ಕದಲ್ಲಿಯೂ ವ್ಯತ್ಯಾಸವಿದೆ. ತುರಂಗದೊಳಗೆ ವಿಚಾರಣೆಯ ಕಾಲದಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ವಜಾ ಮಾಡುತ್ತಾರೆ. ಜಾಮೀನಿನ ಮೇಲೆ ಹೊರಗೆ ಕಳೆದ ಒಂದು ದಿನವೂ ವಜಾ ಆಗುವದಿಲ್ಲ. 2014ರ ಅಕ್ಟೋಬರದಿಂದ ಮುಂದಿನ ಮೇ ತನಕದ ಸುಮಾರು ಏಳು ತಿಂಗಳು ಶಶಿಕಲಾ ಅವರ ನಾಲ್ಕು ವರ್ಷದೊಳಗೆ ಸೇರಲಿಲ್ಲ. ಪೆರೋಲಿನ ದಿನಗಳನ್ನು ಹೇಗೆ ಎಣಿಸಬೇಕೆಂಬದು ಆಯಾ ರಾಜ್ಯದ ನಿಯಮದ ಮೇಲೆ ನಿಂತಿದೆ. ಗೋವೆಯ ಜೀವಾವಧಿ ಕೈದಿಗಳ ಸಂಗತಿಯಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಹದಿನಾಲ್ಕು ವರ್ಷದ ನಿಜವಾದ ಸೆರೆವಾಸವನ್ನು ಎಣಿಸುವಾಗ ಪೆರೋಲಿನ ದಿನಗಳನ್ನು ಬಿಟ್ಟು ಎಣಿಸಬೇಕೆಂದಿತು.

ಇನ್ನು ದರ್ಶನ್ ಅವರ ಸಂಗತಿ. ಅವರ ಮೇಲಿನ ಕೊಲೆಯ ಖಟ್ಲೆಯ ವಿಚಾರಣೆ ಆಗ ಮುಗಿದಿರಲಿಲ್ಲ. ಅವರು ಆರೋಪಿ, ಅಪರಾಧಿಯಲ್ಲ. ಆರು ವಾರ ಎಂದು ದಿನ ಕಟ್ಟಿದ್ದರಿಂದ ಪೆರೋಲಿನಂತೆ ಕಂಡಿತು, ಆದರೆ ಕೊಟ್ಟದ್ದು ಹೈಕೋರ್ಟು. ಅದಕ್ಕೆ ಮಧ್ಯಂತರ ಜಾಮೀನು ಎನ್ನುತ್ತಾರೆ. ಡಿಸೆಂಬರ್ 13ರಂದು ಅವರಿಗೆ ಪೂರ್ಣ ಜಾಮೀನು ಸಿಕ್ಕಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ವಿಚಾರಣೆ ಮುಗಿಯದವನ ಬಗೆಗೆ "ಪೆರೋಲ್" ಎಂದು ಬರೆದರೆ ಅವನಿಗೆ ಶಿಕ್ಷೆಯಾಗಿದೆಯೆಂದೇ ಓದುಗನು ತಿಳಿಯುವನು. ಕೋರ್ಟು ಹೇಳುವ ಮೊದಲೇ ಪತ್ರ ತೀರ್ಪು ಕೊಟ್ಟಂತಾಯಿತು. ಸಿರಿವಂತನಾದರೂ ಸರಿ, ಯಾರ ಮೇಲೂ ಅಂಥ ತೀರ್ಪು ಕೊಡುವ ಅಧಿಕಾರ ಪತ್ರಕರ್ತನಿಗಿಲ್ಲ.

ಈಗ ನಮ್ಮವರ ಮಾತಿಗೆ ಬರೋಣ. ಇಚಲಕರಂಜಿಯ ಮಗ್ಗದಲ್ಲಿ ದುಡಿಯುವ ನಮ್ಮ ಊರಿನ ಹುಡುಗನೊಬ್ಬನು ಹೊಡೆದಾಟದ ಖಟ್ಲೆಯಲ್ಲಿ ಸಿಕ್ಕು ಬೆಳಗಾವಿಯ ಹಿಂಡಲಗಾ ತುರಂಗದಲ್ಲಿ ವಿಚಾರಣೆಗೆ ಕಾದಿದ್ದಾನೆಂದು ಇಟ್ಟುಕೊಳ್ಳಿರಿ. ಬೆಳಿಗ್ಗೆ ಅವನ ತಂದೆ ತೀರಿಕೊಂಡನು. ಅಣ್ಣನು ಪತ್ರದಲ್ಲಿ ಓದಿ ತಿಳಿದಿದ್ದಾನೆ, ಸಾವಿಗೆ ಪೆರೋಲ್ ಕೊಡುತ್ತಾರೆಂದು. ಯಾರಿಂದಲೋ ಅರ್ಜಿ ಬರೆಸಿಕೊಂಡು ಬಸ್ಸು ಹಿಡಿದು ಹಿಂಡಲಗಾಕ್ಕೆ ಓಡುತ್ತಾನೆ. ಅಲ್ಲಿಯ ಅಧಿಕಾರಿ ಒಳ್ಳೆಯವನಾಗಿದ್ದರೂ ಏನೂ ಮಾಡಲಾರನು. ವಿಚಾರಣೆಯ ಕೈದಿಯನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಹೊರಗೆ ಬಿಡುವ ಅಧಿಕಾರ ಅವನಿಗಿಲ್ಲ. "ಕೋರ್ಟಿಗೆ ಹೋಗು" ಎನ್ನುತ್ತಾನೆ. ಅಣ್ಣನು ತಿರುಗಿ ಖಟ್ಲೆ ನಡೆದ ಚಿಕ್ಕೋಡಿಗೆ ಬರುವಷ್ಟರಲ್ಲಿ ಕೋರ್ಟು ಏಳುವ ಹೊತ್ತು. ಹೆಣ ಎಷ್ಟು ಹೊತ್ತು ಕಾಯುತ್ತದೆ?

ಅವನು ಮಾಡಬೇಕಾಗಿದ್ದದ್ದು ಇಷ್ಟೇ. ಹಿಂಡಲಗಾಕ್ಕೆ ಹೋಗದೆ ಮುಂಜಾನೆಯೇ ವಕೀಲರೊಡನೆ ಖಟ್ಲೆ ಇರುವ ಕೋರ್ಟಿನಲ್ಲಿ ನಿಂತು ಮಧ್ಯಂತರ ಜಾಮೀನು ಬೇಡಬೇಕಾಗಿತ್ತು. ಅದು ಆಗದಿದ್ದರೆ ಪೋಲೀಸ್ ಕಾವಲಿನಲ್ಲಿ ಮಣ್ಣಿಗೆ ಕರೆತರುವ ಅಪ್ಪಣೆಯನ್ನಾದರೂ ಕೇಳಬೇಕಾಗಿತ್ತು. ಅದೇ ಹುಡುಗನಿಗೆ ಶಿಕ್ಷೆಯಾಗಿ ಅಪೀಲೂ ಮುಗಿದಿದ್ದರೆ ಹಿಂಡಲಗಾದ ದಾರಿಯೇ ಸರಿಯಾದದ್ದು. ಅಲ್ಲಿ ಅರ್ಜಿ ಕೊಟ್ಟರೆ ಊರಿನ ಠಾಣೆಯಿಂದ ವರದಿ ತರಿಸುತ್ತಾರೆ. ಇಲ್ಲವೆಂದರೆ ಧಾರವಾಡದ ಹೈಕೋರ್ಟು ಪೀಠಕ್ಕೆ ಹೋಗಬಹುದು.

ಇನ್ನೊಂದು ಮಾತು ನಮ್ಮ ಗಡಿಯವರಿಗೆ ಮುಖ್ಯವಾದದ್ದು. ಜಾಮೀನಿನ ಹುಕುಮಾದ ಕೂಡಲೇ ಬಾಗಿಲು ತೆರೆಯುವದಿಲ್ಲ. ಹೊಣೆಗಾರರು ಬಂದು ಕಾಗದ ಕೊಡಬೇಕು. ಶಶಿಕಲಾ ಅವರಿಗೆ ಅದು ಒಂದೇ ದಿನದಲ್ಲಿ ಮುಗಿಯಿತು. ನಮ್ಮವರಿಗೆ ತಿಂಗಳುಗಟ್ಟಲೆ ಹಿಡಿಯುವದುಂಟು. ಹೊಲದ ಉತಾರಾ ಇರುವ ಮಾವ ಕಾಗಲದಲ್ಲಿ, ಮನೆಯಿರುವ ಅಳಿಯ ಇಚಲಕರಂಜಿಯಲ್ಲಿ. "ಅವರು ಮಹಾರಾಷ್ಟ್ರದವರು, ನಡೆಯುವದಿಲ್ಲ" ಎಂಬ ಮಾತನ್ನು ಕಚೇರಿಯಲ್ಲಿ ಕೇಳಬೇಕಾಗುವದು.

1978ರಲ್ಲಿ ಮಧ್ಯಪ್ರದೇಶದ ಗವಂಡಿಯೊಬ್ಬನಿಗೆ ಹೀಗೆಯೇ ಆಯಿತು. ಮೋತಿರಾಮನೆಂದು ಅವನ ಹೆಸರು. ಸುಪ್ರೀಂ ಕೋರ್ಟು ಅವನಿಗೆ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಹೊಣೆ ಕೇಳಿದರು, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಹೊಣೆಯನ್ನು ತಳ್ಳಿಹಾಕಿದರು. ಗವಂಡಿ ಮತ್ತೆ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಗಬೇಕಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅದನ್ನು ಒಪ್ಪಲಿಲ್ಲ. ಅವನದೇ ಸಾವಿರ ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡುವಂತೆ ಆಜ್ಞೆ ಮಾಡಿದರು.

2023ರ ಜನವರಿ 31ರಂದು ಅದೇ ಕೋರ್ಟು ಮತ್ತೆ ಹೇಳಿದೆ. ಸ್ಥಳೀಯ ಹೊಣೆಗಾರನೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುವದು, ಕೋರ್ಟುಗಳು ಅಂಥ ಷರತ್ತು ಹಾಕದಿರಬಹುದು ಎಂದಿದೆ. ಜಾಮೀನಾಗಿ ಏಳು ದಿನದೊಳಗೆ ಮನುಷ್ಯ ಹೊರಬರದಿದ್ದರೆ ತುರಂಗದ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಒಂದು ತಿಂಗಳಾದರೂ ಹೊಣೆ ಸಿಗದಿದ್ದರೆ ಕೋರ್ಟು ತಾನಾಗಿಯೇ ಖಟ್ಲೆ ಕೈಗೆತ್ತಿಕೊಂಡು ಷರತ್ತು ಸಡಿಲಿಸಬಹುದೋ ಎಂದು ನೋಡಬಹುದು. ನಿಮ್ಮ ವಕೀಲರು ಈ ಆಜ್ಞೆಯನ್ನು ಕೋರ್ಟಿನ ಮುಂದೆ ಇಟ್ಟಿದ್ದಾರೆಯೇ ಎಂದು ಕೇಳಿರಿ. ಹಿಂಡಲಗಾದಲ್ಲಿ ಜಾಮೀನಾದ ಮೇಲೂ ಕೂತಿರುವ ನಮ್ಮ ಭಾಗದ ಹುಡುಗರಿದ್ದರೆ, ಖಟ್ಲೆಯ ನಂಬರು ಮತ್ತು ಜಾಮೀನಿನ ಹುಕುಮಿನ ತಾರೀಖನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಪಕ್ಷದ ಕಚೇರಿಗೆ ಬರ್ರಿ. ಸೋಮವಾರ ಸಂಜೆ ನಾನು ಅಲ್ಲಿರುತ್ತೇನೆ.