ಎಲೆಯ ಮೇಲಿನ ಹಿಮ

ಗಾಳಿಯ ಉಷ್ಣತೆ ಸೊನ್ನೆಗಿಂತ ಮೇಲಿದ್ದರೆ ಪೈರಿಗೆ ಹಿಮದ ಭಯವಿಲ್ಲವೆಂಬ ನಂಬಿಕೆ ಸರಿಯಲ್ಲ. ಹವಾಮಾನ ಕೇಂದ್ರದ ಉಷ್ಣಮಾಪಕವು ನೆಲದಿಂದ ಸುಮಾರು 4 ಅಡಿ ಮೇಲೆ, ಪೆಟ್ಟಿಗೆಯ ನೆರಳಿನಲ್ಲಿರುವುದು. ಎಲೆಗಾದರೋ ಅಂಥ ಮರೆಯಿಲ್ಲ. ಮೋಡವೂ ಗಾಳಿಯೂ ಇಲ್ಲದ ರಾತ್ರಿಯಲ್ಲಿ ಅದು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದು. ನೀಲಗಿರಿಯ ಉದಕಮಂಡಲದಲ್ಲಿ ಜನವರಿಯ ಬೆಳಗಿನಲ್ಲಿ ಪೆಟ್ಟಿಗೆಯ ಮಾಪಕವು 2 ಡಿಗ್ರಿ ತೋರಿಸುತ್ತಿರುವಾಗಲೇ ತಗ್ಗಿನ ಹುಲ್ಲು ಹಿಮದಿಂದ ಬೆಳ್ಳಗಾಗಿರುವುದುಂಟು. ರಾವೂರ ಸೀಮೆಯಲ್ಲಿ ಅಷ್ಟು ಚಳಿ ಅಪರೂಪವೇ ಸರಿ. ಆದರೆ ಎಲೆಯ ನಡತೆ ಎಲ್ಲೆಡೆಯೂ ಒಂದೇ.

ಆದುದರಿಂದ ಮುನ್ನೆಚ್ಚರಿಕೆಯಲ್ಲಿ ಗಾಳಿಯ ಅಂಕಿಯೊಂದೇ ಸಾಲದು. ಹುಲ್ಲಿನ ಮಟ್ಟದ ಕನಿಷ್ಠ ಉಷ್ಣತೆಯನ್ನೂ ತಿಳಿಸಬೇಕು. ಅಲ್ಲಿಯವರೆಗೆ ಊರ ಗೌಡರು ಕನಿಷ್ಠ ಉಷ್ಣಮಾಪಕವೊಂದನ್ನು ತಗ್ಗಿನ ಹೊಲದಲ್ಲಿ, ಗರಿಕೆಯ ತುದಿಗೆ ಸಮನಾಗಿ, ಬಯಲಿನಲ್ಲಿ ಸಂಜೆ ಇಟ್ಟು, ಸೂರ್ಯೋದಯಕ್ಕೆ ಮೊದಲು ನೋಡಲಿ. ಕೇಂದ್ರದ ಅಂಕಿಯೊಡನೆ ಹೋಲಿಸಿದರೆ ತಮ್ಮ ಹೊಲ ಎಷ್ಟು ಡಿಗ್ರಿ ಕೆಳಗಿಳಿಯುವುದೆಂಬುದು ತಿಳಿಯುವುದು.